ಪಿಚ್ ಡೆಕ್‌ನಿಂದ ಹೂಡಿಕೆ ಮೆಮೊ: ಸ್ಲೈಡಿನ ಅಂಕಿಯನ್ನು ಹಿಂದಕ್ಕೆ ಹಿಡಿದು ಹೋಗುವ ಬಗೆ

ಪ್ರಶ್ನೆ: ಬೆಂಗಳೂರಿನಲ್ಲಿ ನಾವು ಹತ್ತಾರು ಜನ ಸೇರಿ ಹೊಸ ಕಂಪನಿಗಳಲ್ಲಿ ಸಣ್ಣ ಮೊತ್ತ ಹೂಡುತ್ತೇವೆ. ಹಣ ಕೇಳಿ ಸ್ಥಾಪಕರು ಕಳುಹಿಸುವ ಸ್ಲೈಡುಗಳ ಕಟ್ಟು, ಅಂದರೆ ಪಿಚ್ ಡೆಕ್ ಓದಿ, ಉಳಿದವರಿಗಾಗಿ ಎರಡು ಪುಟದ ಮೆಮೊ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಬರೆದದ್ದನ್ನು ನೋಡಿದವರು, ‘ಇದು ಸ್ಲೈಡುಗಳನ್ನೇ ವಾಕ್ಯ ಮಾಡಿದಂತಿದೆ, ಇದರಿಂದ ತೀರ್ಮಾನ ಮಾಡಲಾಗದು’ ಎನ್ನುತ್ತಾರೆ. ಹೇಳಿಕೆ, ಊಹೆ, ಅಪಾಯ ಮೂರನ್ನೂ ಬೇರ್ಪಡಿಸಿ ಬರೆಯುವುದು ಹೇಗೆ? ಒಂದು ನಿಜವಾದ ಡೆಕ್ ಇಟ್ಟುಕೊಂಡು ತಿಳಿಸುವಿರಾ, ಸರ್?

ಉತ್ತರ: ನಿಮ್ಮ ಸದಸ್ಯರು ಹೇಳುತ್ತಿರುವ ಕೊರತೆಯ ಮೂಲ ಭಾಷೆಯಲ್ಲಿಲ್ಲ, ಕ್ರಮದಲ್ಲಿದೆ. ಡೆಕ್ ಸಮಸ್ಯೆಯಿಂದ ಶುರುವಾಗಿ, ಪರಿಹಾರ, ಮಾರುಕಟ್ಟೆ, ಆದಾಯ, ತಂಡ ಎಂದು ಸಾಗಿ ಹಣ ಕೇಳುವಲ್ಲಿಗೆ ಮುಗಿಯುತ್ತದೆ. ಕೇಳುವವನು ಒಂದೊಂದೇ ಮೆಟ್ಟಿಲು ಒಪ್ಪುತ್ತಾ ಬರಲಿ ಎಂಬುದು ಅದರ ಉದ್ದೇಶ, ಮತ್ತು ಅದರಲ್ಲಿ ತಪ್ಪೇನೂ ಇಲ್ಲ. ಮೆಮೊ ಬರೆಯುವವರು ಅದೇ ಕ್ರಮದಲ್ಲಿ ಸಾಗಿದರೆ, ಎಷ್ಟೇ ಎಚ್ಚರದಿಂದ ಬರೆದರೂ ಅದೇ ಒಪ್ಪಿಗೆಯ ದಾರಿಯಲ್ಲೇ ನಡೆಯಬೇಕಾಗುತ್ತದೆ. ಮೆಮೊ ತಲುಪಬೇಕಾದ ಜಾಗ ಬೇರೆ: ಈ ಇಡೀ ಕಟ್ಟಡ ಯಾವ ಒಂದೆರಡು ಊಹೆಗಳ ಮೇಲೆ ನಿಂತಿದೆ, ಆ ಊಹೆಗಳಿಗೆ ಇವತ್ತಿನ ದಿನ ಎಷ್ಟು ಆಧಾರವಿದೆ ಎಂಬುದನ್ನು ಓದುಗ ಐದು ನಿಮಿಷದಲ್ಲಿ ಕಾಣುವಂತಾಗಬೇಕು.

ಉದಾಹರಣೆಗೆ, ಪ್ರವಾಸಿಗರಿಗೆ ಸ್ಥಳೀಯರ ಮನೆಗಳಲ್ಲಿ ತಂಗುವ ಜಾಗ ಬುಕ್ ಮಾಡಿಸುವ ಏರ್‌ಬಿಎನ್‌ಬಿ ಕಂಪನಿಯ ಆರಂಭದ ಡೆಕ್ ತೆಗೆದುಕೊಳ್ಳೋಣ. ಆಗ ಅದರ ಹೆಸರು ‘ಏರ್‌ಬೆಡ್ ಅಂಡ್ ಬ್ರೇಕ್‌ಫಾಸ್ಟ್’. 2008ರ ಸುಮಾರಿಗೆ ಸಿದ್ಧವಾದ ಈ ಡೆಕ್ ಚಿಕ್ಕದು, ಅಂತರ್ಜಾಲದಲ್ಲಿ ಯಾರಿಗೂ ಸಿಗುತ್ತದೆ, ಮುಂದೇನಾಯಿತು ಎಂಬುದೂ ನಮಗೆ ಗೊತ್ತು. ಹಾಗಾಗಿ ನಮ್ಮ ಮೆಮೊ ಸರಿಯಾದ ಪ್ರಶ್ನೆ ಕೇಳಿತೇ ಎಂದು ತಾಳೆ ನೋಡಬಹುದು. ಕಂಪನಿ ಗೆದ್ದಿದೆ ಎಂಬ ತಿಳಿವಳಿಕೆಯನ್ನು ಮಾತ್ರ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, 2008ರ ಕೊನೆಯಲ್ಲಿ ಕುಳಿತವರಂತೆ ಓದಬೇಕು. ಆ ವರ್ಷದ ಬೇಸಿಗೆಯಲ್ಲಿ ಸ್ಥಾಪಕರು ಒಂದೂವರೆ ಲಕ್ಷ ಡಾಲರ್ ಕೇಳಿದ್ದರು, ಕಂಪನಿಯ ಬೆಲೆ 15 ಲಕ್ಷ ಡಾಲರ್ ಎಂದು ಇಟ್ಟಿದ್ದರು. ಪರಿಚಯವಾದ ಏಳು ಹೂಡಿಕೆದಾರರಲ್ಲಿ ಐವರು ಬೇಡವೆಂದರು, ಇಬ್ಬರು ಉತ್ತರಿಸಲೇ ಇಲ್ಲ. ಸ್ಥಾಪಕರಲ್ಲೊಬ್ಬರಾದ ಬ್ರಯನ್ ಚೆಸ್ಕಿ 2015ರಲ್ಲಿ, ಬೇಡವೆಂದವರ ಪತ್ರಗಳನ್ನು ತಾವೇ ಪ್ರಕಟಿಸಿದರು. ಬೇಡವೆಂದವರು ದಡ್ಡರಾಗಿರಲಿಲ್ಲ. ಅವರ ಮುಂದಿದ್ದ ಪ್ರಶ್ನೆಯೇ ನಿಮ್ಮ ಮುಂದೆಯೂ ಇದೆ.

ಮೊದಲ ಕೆಲಸ, ಮೆಮೊ ಬರೆಯಲು ಕೂರದಿರುವುದು. ಡೆಕ್‌ನಲ್ಲಿರುವ ಪ್ರತಿಯೊಂದು ವಾಕ್ಯ, ಪ್ರತಿಯೊಂದು ಅಂಕಿ, ಪ್ರತಿಯೊಂದು ಚಿತ್ರದ ಅರ್ಥವನ್ನು ಬಿಡಿಬಿಡಿಯಾಗಿ ಒಂದು ಹಾಳೆಯಲ್ಲಿ ಇಳಿಸಿ, ಎದುರಿಗೆ ಅದು ಯಾವ ಜಾತಿಯ ಮಾತು ಎಂದು ಗುರುತು ಹಾಕಿ. ನನ್ನ ಅನುಭವದಲ್ಲಿ ಮೂರೇ ಗುರುತು ಸಾಕು. ಒಂದು, ಈಗಾಗಲೇ ನಡೆದದ್ದು: ಇಷ್ಟು ಬುಕಿಂಗ್ ಆಗಿದೆ, ಇಂಥ ಪತ್ರಿಕೆಯಲ್ಲಿ ಬಂದಿದೆ, ಈ ಮೂವರು ಸ್ಥಾಪಕರು. ಇವನ್ನು ಪರಿಶೀಲಿಸಬಹುದು. ಎರಡು, ಬೇರೆಯವರಿಂದ ತಂದದ್ದು: ಪ್ರಪಂಚದಲ್ಲಿ ಇಷ್ಟು ಪ್ರವಾಸಗಳು ನಡೆಯುತ್ತವೆ, ಇನ್ನೊಂದು ಜಾಲತಾಣಕ್ಕೆ ಇಷ್ಟು ಬಳಕೆದಾರರಿದ್ದಾರೆ ಎನ್ನುವಂಥವು. ಇವು ನಿಜವಾಗಿದ್ದರೂ ಈ ಕಂಪನಿಯ ಬಗ್ಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. ಮೂರು, ಇನ್ನೂ ನಡೆಯದೇ ಇರುವುದು: ಇಷ್ಟು ಪಾಲು ನಮಗೆ ಸಿಗುತ್ತದೆ, ಇಷ್ಟು ಆದಾಯ ಬರುತ್ತದೆ. ಡೆಕ್‌ನ ವಿನ್ಯಾಸದಲ್ಲಿ ಈ ಮೂರೂ ಒಂದೇ ಗಾತ್ರದ ಅಕ್ಷರದಲ್ಲಿ, ಒಂದೇ ಬಣ್ಣದ ವೃತ್ತದಲ್ಲಿ ಕಾಣಿಸುವುದರಿಂದ, ಬರೆಯುವವರ ಕೈಯಲ್ಲೂ ಮೂರಕ್ಕೂ ಒಂದೇ ಕ್ರಿಯಾಪದ ಬಿದ್ದುಬಿಡುತ್ತದೆ. ‘ಮಾರುಕಟ್ಟೆಯ ಗಾತ್ರ ಇಷ್ಟಿದೆ, ಕಂಪನಿಯ ಪಾಲು ಇಷ್ಟಿದೆ’ ಎಂದು ಬರೆದಾಗ ಎರಡನೆಯ ‘ಇದೆ’ ಸುಳ್ಳಾಗುತ್ತದೆ.

ಈ ಡೆಕ್‌ನ ‘ಮಾರುಕಟ್ಟೆಯ ದೃಢೀಕರಣ’ ಎಂಬ ಸ್ಲೈಡನ್ನು ಹತ್ತಿರದಿಂದ ನೋಡಿ. ಅದರಲ್ಲಿ ಎರಡೇ ಸಂಗತಿಗಳಿವೆ: ಕೌಚ್‌ಸರ್ಫಿಂಗ್ ತಾಣಕ್ಕೆ ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ, ಮತ್ತು ಜಾಹೀರಾತುಗಳ ತಾಣವಾದ ಕ್ರೇಗ್ಸ್‌ಲಿಸ್ಟ್‌ನಲ್ಲಿ ವಾರವೊಂದಕ್ಕೆ ತಾತ್ಕಾಲಿಕ ವಸತಿಯ ಸಾವಿರಾರು ಜಾಹೀರಾತುಗಳು ಬೀಳುತ್ತಿವೆ. ಎರಡೂ ಎರಡನೆಯ ಜಾತಿಯ ಮಾತುಗಳು. ಕೌಚ್‌ಸರ್ಫಿಂಗ್‌ನಲ್ಲಿ ಆತಿಥ್ಯ ಉಚಿತ. ಅಪರಿಚಿತರ ಮನೆಯಲ್ಲಿ ಮಲಗಲು ಒಪ್ಪುವ ಜನ ಇದ್ದಾರೆಂದು ಅದು ತೋರಿಸುತ್ತದೆ, ಅದಕ್ಕೆ ಹಣ ಕೊಡುತ್ತಾರೆಂದು ತೋರಿಸುವುದಿಲ್ಲ. ಕ್ರೇಗ್ಸ್‌ಲಿಸ್ಟ್‌ನಲ್ಲಿ ಜನ ಹಣಕ್ಕೆ ಜಾಗ ಕೊಡುತ್ತಾರೆ, ಆದರೆ ಅಲ್ಲಿ ಮಧ್ಯವರ್ತಿಗೆ ಕಮಿಷನ್ ಇಲ್ಲ, ಮತ್ತು ಆ ಜಾಹೀರಾತುಗಳಲ್ಲಿ ತಿಂಗಳುಗಟ್ಟಲೆಯ ಬಾಡಿಗೆಗಳೂ ಇರಬಹುದು. ಒಂದೊಂದು ಸಾಕ್ಷ್ಯವೂ ಅರ್ಧ ಅರ್ಧ ಮಾತನ್ನು ಹೇಳುತ್ತದೆ. ಎರಡು ಅರ್ಧಗಳು ಕೂಡಿ, ‘ಅಪರಿಚಿತರ ಮನೆಯಲ್ಲಿ ಎರಡು ಮೂರು ರಾತ್ರಿ ತಂಗಲು ಜನ ಹಣ ಕೊಡುತ್ತಾರೆ, ಅದರಲ್ಲಿ ಹತ್ತನೇ ಒಂದು ಪಾಲನ್ನು ನಮಗೆ ಬಿಡುತ್ತಾರೆ’ ಎಂಬ ಪೂರ್ಣ ಮಾತಾಗುತ್ತದೆ ಎಂಬುದೇ ಊಹೆ. ಸ್ಲೈಡ್ ಹೇಳದ ಈ ಸಂಧಿಯನ್ನು ಮೆಮೊ ಬಿಡಿಸಿ ತೋರಿಸಬೇಕು. ಸಾಕ್ಷ್ಯ ದುರ್ಬಲ ಎಂದು ಬರೆಯುವ ಅಗತ್ಯವಿಲ್ಲ, ಯಾವ ಭಾಗಕ್ಕೆ ಸಾಕ್ಷ್ಯವಿದೆ, ಯಾವ ಭಾಗಕ್ಕಿಲ್ಲ ಎಂದು ಬರೆದರೆ ಸಾಕು.

ಮುಂದಿನ ಕೆಲಸ ಅಂಕಿಗಳದು. ಇಲ್ಲಿ ಹೆಚ್ಚು ಸಮಯ ಕೊಡಿ. ಡೆಕ್‌ನ ಅತಿ ದೊಡ್ಡ ಅಂಕಿಯನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ಈ ಡೆಕ್‌ನ ಎರಡು ರೂಪಗಳು ಅಂತರ್ಜಾಲದಲ್ಲಿ ಓಡಾಡುತ್ತವೆ. ಒಂದರಲ್ಲಿ 2011ರ ಹೊತ್ತಿಗೆ 20 ಕೋಟಿ ಡಾಲರ್ ಆದಾಯ ಎಂದಿದೆ. ಇದು ಎಲ್ಲಿಂದ ಬಂತು? ಹಿಂದಿನ ಮೆಟ್ಟಿಲಲ್ಲಿ 1.06 ಕೋಟಿ ಪ್ರವಾಸಗಳು, ಒಂದೊಂದಕ್ಕೆ ಸುಮಾರು 20 ಡಾಲರ್ ಶುಲ್ಕ. ಶುಲ್ಕ ಎಲ್ಲಿಂದ ಬಂತು? ರಾತ್ರಿಗೆ 70 ಡಾಲರ್, ಮೂರು ರಾತ್ರಿ, ಅದರ ಶೇ. 10. ಲೆಕ್ಕ ಕೂಡುತ್ತದೆ: 70 × 3 × 10% = 21. ಇನ್ನು 1.06 ಕೋಟಿ ಪ್ರವಾಸ ಎಲ್ಲಿಂದ ಬಂತು? ಪ್ರಪಂಚದಲ್ಲಿ ಬುಕ್ ಆಗುವ 190 ಕೋಟಿ ಪ್ರವಾಸಗಳು, ಅದರಲ್ಲಿ ಕಡಿಮೆ ಖರ್ಚಿನ, ಆನ್‌ಲೈನ್ ಮೂಲಕ ಆಗುವವು 53.2 ಕೋಟಿ, ಅದರಲ್ಲಿ ನಮ್ಮದು 1.06 ಕೋಟಿ. ಮೊದಲಿನ ಎರಡಕ್ಕೆ ಪ್ರವಾಸೋದ್ಯಮ ಸಂಸ್ಥೆಗಳಂಥ ಮೂಲಗಳನ್ನು ಕೊಟ್ಟಿದ್ದಾರೆ. ಮೂರನೆಯದಕ್ಕೆ ಮೂಲವಿಲ್ಲ. ಭಾಗಿಸಿ ನೋಡಿದರೆ ಅದು ಎರಡನೆಯದರ ಸರಿಯಾಗಿ ಶೇ. 2. ಅಂದರೆ ಈ ಅಂಕಿ ಎಲ್ಲಿಯೂ ಅಳೆದದ್ದಲ್ಲ, ‘ಶೇ. 2 ಇರಲಿ’ ಎಂದು ಇಟ್ಟದ್ದು.

ಇನ್ನೊಂದು ರೂಪವನ್ನು ಪಕ್ಕದಲ್ಲಿಟ್ಟರೆ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಅದರಲ್ಲಿ ಒಟ್ಟು ಪ್ರವಾಸಗಳು 200 ಕೋಟಿ, ಕಡಿಮೆ ಖರ್ಚಿನ ಆನ್‌ಲೈನ್ ಪ್ರವಾಸಗಳು 56 ಕೋಟಿ, ಕಂಪನಿಯ ಪಾಲು 8.4 ಕೋಟಿ, ಶುಲ್ಕ 25 ಡಾಲರ್, ಆದಾಯ 210 ಕೋಟಿ ಡಾಲರ್. ಕಂಪನಿ ಅದೇ, ಸೇವೆ ಅದೇ, ಜಗತ್ತಿನ ಮಾರುಕಟ್ಟೆಯೂ ಹೆಚ್ಚು ಕಡಿಮೆ ಅಷ್ಟೇ; ಆದಾಯ ಮಾತ್ರ ಹತ್ತು ಪಟ್ಟು. ಬದಲಾದದ್ದು ಮುಖ್ಯವಾಗಿ ಒಂದೇ ಅಂಕಿ: ಶೇ. 2 ಇದ್ದಲ್ಲಿ ಶೇ. 15 ಆಗಿದೆ. ಹೀಗಾಗಿ ಮೆಮೊದಲ್ಲಿ ‘20 ಕೋಟಿ ಡಾಲರ್ ಆದಾಯದ ಅವಕಾಶ’ ಎಂದು ಬರೆಯುವುದರಿಂದ ಓದುಗರಿಗೆ ಏನೂ ಸಿಗುವುದಿಲ್ಲ. ‘ಆದಾಯದ ಅಂದಾಜು ಸಂಪೂರ್ಣವಾಗಿ ಶೇ. 2ರ ಪಾಲಿನ ಊಹೆಯ ಮೇಲೆ ನಿಂತಿದೆ, ಆ ಊಹೆಗೆ ಡೆಕ್‌ನಲ್ಲಿ ಆಧಾರವಿಲ್ಲ’ ಎಂದು ಬರೆದರೆ, ಸದಸ್ಯರು ಚರ್ಚೆಯನ್ನು ಸರಿಯಾದ ಜಾಗದಿಂದ ಶುರು ಮಾಡುತ್ತಾರೆ.

ಮೇಲಿನಿಂದ ಕೆಳಗೆ ಇಳಿದ ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಕಟ್ಟಿ ನೋಡುವುದು ಮೆಮೊ ಬರೆಯುವವರ ಸ್ವಂತ ಕೆಲಸ. ಇದನ್ನು ಡೆಕ್ ಮಾಡಿಕೊಡುವುದಿಲ್ಲ. ಹಣ ಕೇಳುವ ಸ್ಲೈಡ್ ಇಲ್ಲಿ ನೆರವಿಗೆ ಬರುತ್ತದೆ. ಬೇಸಿಗೆಯಲ್ಲಿ ಕೇಳಿದ್ದ ಒಂದೂವರೆ ಲಕ್ಷಕ್ಕಿಂತ ಇಲ್ಲಿನ ಕೋರಿಕೆ ದೊಡ್ಡದು: 5 ಲಕ್ಷ ಡಾಲರ್ ಕೊಟ್ಟರೆ 12 ತಿಂಗಳಲ್ಲಿ 80 ಸಾವಿರ ಬುಕಿಂಗ್, ಒಂದೊಂದಕ್ಕೆ 25 ಡಾಲರ್‌ನಂತೆ 20 ಲಕ್ಷ ಡಾಲರ್ ಆದಾಯ. 80 ಸಾವಿರವನ್ನು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 220 ಬುಕಿಂಗ್. ಒಬ್ಬ ಆತಿಥೇಯನಿಗೆ ತಿಂಗಳಿಗೊಂದು ಬುಕಿಂಗ್ ಸಿಗುತ್ತದೆ ಎಂದುಕೊಂಡರೆ, ವರ್ಷವಿಡೀ ಸಕ್ರಿಯವಾಗಿರುವ ಆರು ಏಳು ಸಾವಿರ ಮನೆಗಳು ಬೇಕು. ತಿಂಗಳಿಗೊಂದು ಎಂಬುದು ನನ್ನ ಊಹೆ. ಮೆಮೊದಲ್ಲಿಯೂ ಅದನ್ನು ‘ನಮ್ಮ ಊಹೆ’ ಎಂದೇ ಬರೆಯಬೇಕು. ಈ ಲೆಕ್ಕ ಮಾಡಿದ ಕೂಡಲೇ ಡೆಕ್‌ನಲ್ಲಿಲ್ಲದ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ: ಇವತ್ತು ಎಷ್ಟು ಮನೆಗಳಿವೆ, ವಾರಕ್ಕೆ ಎಷ್ಟು ಹೊಸದಾಗಿ ಸೇರುತ್ತಿವೆ, ಒಮ್ಮೆ ಅತಿಥಿಯನ್ನು ಇರಿಸಿಕೊಂಡವರಲ್ಲಿ ಎಷ್ಟು ಜನ ಎರಡನೇ ಬಾರಿ ಇರಿಸಿಕೊಂಡಿದ್ದಾರೆ? ಡೆಕ್ ಪ್ರವಾಸಿಗರ ಬಗ್ಗೆ ಧಾರಾಳವಾಗಿ ಮಾತನಾಡುತ್ತದೆ, ಮನೆ ಕೊಡುವವರ ಸಂಖ್ಯೆಯ ಬಗ್ಗೆ ಮೌನವಾಗಿದೆ. ಕೊಳ್ಳುವವರನ್ನೂ ಕೊಡುವವರನ್ನೂ ಕೂಡಿಸುವ ಯಾವುದೇ ವ್ಯಾಪಾರದಲ್ಲಿ, ಡೆಕ್ ಯಾವ ಕಡೆಯವರ ಬಗ್ಗೆ ಕಡಿಮೆ ಮಾತನಾಡುತ್ತದೆಯೋ ಆ ಕಡೆಯನ್ನೇ ಮೊದಲು ಕೆದಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಮೊದಲ ವರ್ಷದ ಗುರಿ 80 ಸಾವಿರ, 2011ರ ಗುರಿ ಚಿಕ್ಕ ರೂಪದಲ್ಲೇ 1.06 ಕೋಟಿ. ಎರಡು ವರ್ಷಗಳಲ್ಲಿ 130 ಪಟ್ಟು ಹೆಚ್ಚಬೇಕು. ಎರಡು ಸ್ಲೈಡುಗಳೂ ಬೇರೆ ಬೇರೆಯಾಗಿ ನೋಡಿದಾಗ ಒಪ್ಪುವಂತಿವೆ, ಒಟ್ಟಿಗೆ ಇಟ್ಟಾಗ ಅವುಗಳ ನಡುವೆ ಸೇತುವೆ ಇಲ್ಲ. ಸ್ಲೈಡುಗಳನ್ನು ಒಂದೊಂದಾಗಿ ತಿರುವಿ ನೋಡುವವರ ಕಣ್ಣಿಗೆ ಬೀಳದ ಇಂಥ ಅಂತರಗಳೇ ಬರಹದಲ್ಲಿ ಕಾಣುವುದು. ಪೂರ್ಣ ವಾಕ್ಯದಲ್ಲಿ ಬರೆಯಿರಿ ಎಂದು ಹಳಬರು ಹಟ ಹಿಡಿಯುವುದಕ್ಕೆ ಇದೇ ಕಾರಣ. ‘ಆದ್ದರಿಂದ’ ಎಂಬ ಪದವನ್ನು ಸ್ಲೈಡಿನಲ್ಲಿ ಬಾಣದ ಗುರುತು ನುಂಗಿಬಿಡುತ್ತದೆ. ವಾಕ್ಯದಲ್ಲಿ ಆ ಪದ ಬರೆಯುವಾಗ, ಹಿಂದಿನ ಮಾತಿನಿಂದ ಮುಂದಿನ ಮಾತು ನಿಜಕ್ಕೂ ಹೊರಡುತ್ತದೆಯೇ ಎಂದು ಕೈ ನಿಲ್ಲುತ್ತದೆ.

ಈಗ ಊಹೆಗಳು. ಹಾಳೆಯಲ್ಲಿ ಹದಿನೈದು ಇಪ್ಪತ್ತು ಊಹೆಗಳು ಸೇರಿರುತ್ತವೆ. ಅಷ್ಟನ್ನೂ ಮೆಮೊದಲ್ಲಿ ಸುರಿದರೆ ಓದುಗರಿಗೆ ಯಾವುದು ಮುಖ್ಯ ಎಂಬುದೇ ತಿಳಿಯದು. ಒಂದೊಂದಕ್ಕೂ ಎರಡು ಪ್ರಶ್ನೆ ಹಾಕಿ: ಇದು ತಪ್ಪಾದರೆ ಉಳಿದದ್ದು ನಿಲ್ಲುತ್ತದೆಯೇ? ಇದನ್ನು ಆರು ತಿಂಗಳಲ್ಲಿ, ಕಡಿಮೆ ಹಣದಲ್ಲಿ ಪರೀಕ್ಷಿಸಬಹುದೇ? ರಾತ್ರಿಗೆ 70 ಡಾಲರ್ ಬದಲು 60 ಆದರೆ ಆದಾಯ ಕುಗ್ಗುತ್ತದೆ, ಕಂಪನಿ ಬೀಳುವುದಿಲ್ಲ. ಅದು ಅರ್ಧ ವಾಕ್ಯಕ್ಕೆ ಸಾಕು. ಪಾಲು ಶೇ. 2 ಬದಲು ಶೇ. 0.2 ಆದರೆ ಆಗಲೂ ಒಂದು ವ್ಯಾಪಾರ ಉಳಿಯುತ್ತದೆ. ಅಪರಿಚಿತರನ್ನು ಮನೆಯಲ್ಲಿ ಮಲಗಿಸಿಕೊಳ್ಳಲು ಜನ ಮತ್ತೆ ಮತ್ತೆ ಒಪ್ಪುವುದಿಲ್ಲ ಎಂದಾದರೆ ಏನೂ ಉಳಿಯುವುದಿಲ್ಲ. ಇಡೀ ಡೆಕ್ ನಿಂತಿರುವುದು ಇದರ ಮೇಲೆ. ಅದರ ಬೆನ್ನಿಗೇ ಎರಡನೆಯದು: ಒಮ್ಮೆ ಪರಿಚಯವಾದ ಮೇಲೂ ಆತಿಥೇಯ ಮತ್ತು ಅತಿಥಿ ಕಂಪನಿಯ ಮೂಲಕವೇ ಹಣ ಪಾವತಿಸುತ್ತಾರೆಯೇ, ಅಥವಾ ಮುಂದಿನ ಸಲ ಕಮಿಷನ್ ತಪ್ಪಿಸಿ ಕೈಯಿಂದ ಕೈಗೆ ಕೊಟ್ಟುಕೊಳ್ಳುತ್ತಾರೆಯೇ? ಮೂರನೆಯದು ಬೇಡಿಕೆಯ ಸ್ವರೂಪದ್ದು. ಡೆಕ್ ತನ್ನ ಬೆಳವಣಿಗೆಯ ದಾರಿಯಾಗಿ ದೊಡ್ಡ ಉತ್ಸವ, ಸಮ್ಮೇಳನಗಳನ್ನು ತೋರಿಸುತ್ತದೆ. ಊರಿನ ಹೋಟೆಲುಗಳು ತುಂಬಿದಾಗ ಜನ ಮನೆಗಳನ್ನು ಹುಡುಕುತ್ತಾರೆ ಎಂಬುದು ಅದರ ತರ್ಕ. ಕಂಪನಿ ಹುಟ್ಟಿದ್ದೂ ಹಾಗೆಯೇ: 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ವಿನ್ಯಾಸಕಾರರ ಸಮ್ಮೇಳನದ ಸಮಯದಲ್ಲಿ ಸ್ಥಾಪಕರು ತಮ್ಮ ಮನೆಯಲ್ಲೇ ಮೂವರು ಅತಿಥಿಗಳನ್ನು ಇರಿಸಿಕೊಂಡಿದ್ದರು, 2008ರ ಆಗಸ್ಟ್‌ನಲ್ಲಿ ಡೆನ್ವರ್‌ನ ಡೆಮಾಕ್ರಟಿಕ್ ಪಕ್ಷದ ಅಧಿವೇಶನದ ವೇಳೆ ಬುಕಿಂಗ್ ಏರಿತ್ತು, ಅದು ಮುಗಿದ ಮೇಲೆ ಮತ್ತೆ ಕುಸಿಯಿತು. ಜಾತ್ರೆಯ ದಿನದ ವ್ಯಾಪಾರ ನೋಡಿ ವರ್ಷದ ಲೆಕ್ಕ ಬರೆಯಲಾಗದು. ಹಾಗಾಗಿ ಕೇಳಬೇಕಾದ ಅಂಕಿ, ಯಾವ ಉತ್ಸವವೂ ಇಲ್ಲದ ಊರಿನಲ್ಲಿ, ಯಾವ ಉತ್ಸವವೂ ಇಲ್ಲದ ವಾರದಲ್ಲಿ ಎಷ್ಟು ಬುಕಿಂಗ್ ಆಗಿದೆ ಎಂಬುದು.

ಸ್ಪರ್ಧೆಯ ಸ್ಲೈಡಿನ ಬಗ್ಗೆ ಚಿಕ್ಕದಾಗಿ ಒಂದು ಮಾತು. ‘ನಾವೇ ಮೊದಲಿಗರು’ ಎಂದು ಡೆಕ್ ಹೇಳುತ್ತದೆ, ಆದರೆ ಪಕ್ಕದಲ್ಲೇ ಒಂದು ವಿಶೇಷಣವಿದೆ: ವಹಿವಾಟು ತಾಣದಲ್ಲೇ ನಡೆಯುವ ತಾತ್ಕಾಲಿಕ ವಸತಿಯಲ್ಲಿ ಮೊದಲಿಗರು. ರಜಾದಿನದ ಮನೆಗಳನ್ನು ಬಾಡಿಗೆಗೆ ಕೊಡಿಸುವ ವಿಆರ್‌ಬಿಓ 1995ರಿಂದಲೇ ಇತ್ತು, ಜಾಹೀರಾತು ಹಾಕಲು ಮಾಲೀಕರಿಂದ ಶುಲ್ಕ ಪಡೆಯುತ್ತಿತ್ತು. ವಿಶೇಷಣ ಸೇರಿದಾಗ ಹೇಳಿಕೆ ನಿಜ, ತೆಗೆದಾಗ ಸುಳ್ಳು. ಮೆಮೊದಲ್ಲಿ ಜಾಗ ಉಳಿಸಲೆಂದು ಇಂಥ ವಿಶೇಷಣವನ್ನು ಕತ್ತರಿಸುವುದು ತೀರಾ ಸಾಮಾನ್ಯವಾದ ತಪ್ಪು, ಮತ್ತು ಅದು ಸ್ಥಾಪಕರಿಗೂ ಅನ್ಯಾಯ.

ಅಪಾಯಗಳ ಭಾಗದಲ್ಲಿ ಹೆಚ್ಚಿನ ಮೆಮೊಗಳು ಸೊರಗುತ್ತವೆ. ‘ಸ್ಪರ್ಧೆ ಹೆಚ್ಚಬಹುದು, ಕಾನೂನಿನ ತೊಡಕು ಬರಬಹುದು, ತಂಡ ಬೆಳೆಯಬೇಕಿದೆ’ ಎಂಬ ವಾಕ್ಯಗಳನ್ನು ಯಾವ ಕಂಪನಿಯ ಹೆಸರಿನಡಿ ಹಾಕಿದರೂ ಹೊಂದುತ್ತವೆ. ಹಾಗೆ ಹೊಂದಿದರೆ ಆ ವಾಕ್ಯವನ್ನು ಹೊಡೆದುಹಾಕಿ. ಅಪಾಯವೊಂದನ್ನು ಬರೆಯುವಾಗ ಏನು ನಡೆಯಬಹುದು, ಯಾವ ದಾರಿಯಲ್ಲಿ ಅದು ಹಣಕ್ಕೆ ಪೆಟ್ಟು ಕೊಡುತ್ತದೆ, ಬರುತ್ತಿದೆ ಎಂಬುದಕ್ಕೆ ಮೊದಲ ಸುಳಿವೇನು, ಇಷ್ಟೂ ಇರಬೇಕು. ಈ ಡೆಕ್‌ನಲ್ಲಿ ಅಪಾಯದ ಸ್ಲೈಡೇ ಇಲ್ಲ, ಅದೇನೂ ವಿಶೇಷವಲ್ಲ. ಆದ್ದರಿಂದ ಅಪಾಯಗಳನ್ನು ಊಹೆಗಳ ಬೆನ್ನು ಹಿಡಿದು ಹುಡುಕಬೇಕು. ಅಪರಿಚಿತರು ಮನೆಗೆ ಬರುತ್ತಾರೆ ಎಂಬ ಊಹೆಯ ಬೆನ್ನಿಗೇ, ಬಂದವರು ಮನೆ ಹಾಳು ಮಾಡಿದರೆ ನಷ್ಟ ಯಾರದು ಎಂಬ ಪ್ರಶ್ನೆ ಇದೆ. ವಸತಿಗಾಗಿ ಕಟ್ಟಿದ ಮನೆಯನ್ನು ರಾತ್ರಿ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ ಎಂಬ ಊಹೆಯ ಬೆನ್ನಿಗೇ, ಬಾಡಿಗೆದಾರನ ಕರಾರು ಅದಕ್ಕೆ ಒಪ್ಪುತ್ತದೆಯೇ, ನಗರದ ವಸತಿ ಕಾನೂನು ಒಪ್ಪುತ್ತದೆಯೇ ಎಂಬ ಪ್ರಶ್ನೆ ಇದೆ. ಕ್ರೇಗ್ಸ್‌ಲಿಸ್ಟ್‌ನಲ್ಲಿಯೂ ಏಕಕಾಲಕ್ಕೆ ಜಾಹೀರಾತು ಹಾಕುವ ಸೌಲಭ್ಯದಿಂದ ಬೆಳೆಯುತ್ತೇವೆ ಎಂಬ ಯೋಜನೆಯ ಬೆನ್ನಿಗೇ, ಆ ತಾಣ ಒಂದು ದಿನ ಬಾಗಿಲು ಹಾಕಿದರೆ ಏನು ಎಂಬ ಪ್ರಶ್ನೆ ಇದೆ.

ಇವು ಕೇವಲ ಕಾಗದದ ಆತಂಕಗಳಾಗಿ ಉಳಿಯಲಿಲ್ಲ. 2010ರಲ್ಲಿ ನ್ಯೂಯಾರ್ಕ್ ರಾಜ್ಯ, ಹಲವು ಕುಟುಂಬಗಳು ವಾಸಿಸುವ ವಸತಿ ಕಟ್ಟಡಗಳಲ್ಲಿ, ನಿವಾಸಿ ಜೊತೆಯಲ್ಲಿ ಇಲ್ಲದಿರುವಾಗ 30 ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದನ್ನು ನಿರ್ಬಂಧಿಸುವ ಕಾನೂನು ತಂದಿತು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆತಿಥೇಯರೊಬ್ಬರ ಮನೆಯನ್ನು ಅತಿಥಿಗಳು ಧ್ವಂಸ ಮಾಡಿದ ಮೇಲೆ ಕಂಪನಿ 50 ಸಾವಿರ ಡಾಲರ್‌ವರೆಗಿನ ಭರವಸೆ ಯೋಜನೆ ಘೋಷಿಸಬೇಕಾಯಿತು. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರ್‌ನಿಂದ ನೋಂದಣಿಯ ನಿಯಮ ಬಿಗಿಯಾಗಿ ಜಾರಿಯಾಯಿತು. 2008ರಲ್ಲಿ ಕುಳಿತವರಿಗೆ ಈ ವರ್ಷಗಳು ಗೊತ್ತಿರಲು ಸಾಧ್ಯವಿರಲಿಲ್ಲ. ಆದರೆ ಪ್ರಶ್ನೆಗಳು ಡೆಕ್‌ನ ಊಹೆಗಳಲ್ಲೇ ಅಡಗಿದ್ದವು, ಕೇಳಬಹುದಾಗಿತ್ತು.

ಇಷ್ಟು ಮಾಡಿಕೊಂಡ ಮೇಲೆ ಬರವಣಿಗೆ ಬೇಗ ಸಾಗುತ್ತದೆ. ಅದೇ ಡೆಕ್‌ಗೆ ನಾನು ಬರೆಯುವ ಮೆಮೊದ ತಿರುಳು ಹೀಗಿರುತ್ತದೆ.

‘ಕೋರಿಕೆ: ಮೊದಲ ಸುತ್ತಿನಲ್ಲಿ 5 ಲಕ್ಷ ಡಾಲರ್, 12 ತಿಂಗಳ ವೆಚ್ಚಕ್ಕೆ. ಪ್ರತಿಯಾಗಿ ಎಷ್ಟು ಪಾಲು ಎಂಬುದು ಡೆಕ್‌ನಲ್ಲಿಲ್ಲ; ಕೇಳಿದ್ದೇವೆ.

ವ್ಯಾಪಾರ: ಪ್ರವಾಸಿಗರು ಹೋಟೆಲಿನ ಬದಲು ಸ್ಥಳೀಯರ ಮನೆಯಲ್ಲಿ ಕೋಣೆ ಬುಕ್ ಮಾಡುವ ತಾಣ. ಪ್ರತಿ ಬುಕಿಂಗ್ ಮೇಲೆ ಶೇ. 10 ಕಮಿಷನ್.

ಇಡೀ ಪ್ರಸ್ತಾವ ನಿಂತಿರುವುದು ಒಂದು ಊಹೆಯ ಮೇಲೆ: ಸಾಮಾನ್ಯ ಜನರು, ಸಾಮಾನ್ಯ ದಿನಗಳಲ್ಲಿ, ಹಣಕ್ಕಾಗಿ ಅಪರಿಚಿತರಿಗೆ ಮನೆ ತೆರೆಯುತ್ತಾರೆ, ಮತ್ತು ಒಮ್ಮೆ ತೆರೆದವರು ಮತ್ತೆ ತೆರೆಯುತ್ತಾರೆ. ಇದಕ್ಕೆ ಇರುವ ಆಧಾರ ಭಾಗಶಃ. ಉಚಿತ ಆತಿಥ್ಯದ ತಾಣಕ್ಕೆ ಲಕ್ಷಾಂತರ ಸದಸ್ಯರಿದ್ದಾರೆ. ಜಾಹೀರಾತು ತಾಣದಲ್ಲಿ ತಾತ್ಕಾಲಿಕ ವಸತಿಯ ವಹಿವಾಟು ದೊಡ್ಡದಿದೆ. ಹಣ ಕೊಟ್ಟು, ಕಮಿಷನ್ ಸಹಿತ, ಅಪರಿಚಿತರ ಮನೆಯಲ್ಲಿ ತಂಗುವುದಕ್ಕೆ ಕಂಪನಿಯ ಸ್ವಂತ ಬುಕಿಂಗ್‌ಗಳು ಮಾತ್ರ ಸಾಕ್ಷಿ, ಅವುಗಳಲ್ಲಿ ದೊಡ್ಡ ಭಾಗ ಉತ್ಸವ ಮತ್ತು ಸಮ್ಮೇಳನಗಳ ಸಮಯದ್ದು ಎಂಬುದು ನಮ್ಮ ಗ್ರಹಿಕೆ. ವಾರವಾರದ ಅಂಕಿ ಕೇಳಿದ್ದೇವೆ.

ಆದಾಯದ ಅಂದಾಜು: ಕಂಪನಿಯ ಪ್ರಕಾರ 2011ಕ್ಕೆ 20 ಕೋಟಿ ಡಾಲರ್. ಇದು ಮಾರುಕಟ್ಟೆಯ ಶೇ. 2 ಪಾಲು ಎಂಬ, ಆಧಾರ ನೀಡದ ಊಹೆಯಿಂದ ಬಂದದ್ದು. ಇದನ್ನು ನಾವು ತೀರ್ಮಾನಕ್ಕೆ ಬಳಸುತ್ತಿಲ್ಲ. ನಾವು ಗಮನಿಸುವ ಅಂಕಿ ಮೊದಲ ವರ್ಷದ 80 ಸಾವಿರ ಬುಕಿಂಗ್. ನಮ್ಮ ಲೆಕ್ಕದಲ್ಲಿ ಅದಕ್ಕೆ ಆರು ಏಳು ಸಾವಿರ ಸಕ್ರಿಯ ಮನೆಗಳು ಬೇಕು.

ಮುಖ್ಯ ಅಪಾಯ ಎರಡು. ಮನೆಗೆ ಹಾನಿ ಅಥವಾ ಅತಿಥಿಗೆ ತೊಂದರೆಯಾದ ಒಂದೇ ಘಟನೆ ಸುದ್ದಿಯಾದರೆ ಮನೆ ಕೊಡುವವರು ಹಿಂಜರಿಯಬಹುದು. ಯಾರು ನಷ್ಟ ಭರಿಸುತ್ತಾರೆ ಎಂಬುದಕ್ಕೆ ಸದ್ಯ ಉತ್ತರವಿಲ್ಲ. ದೊಡ್ಡ ನಗರಗಳ ವಸತಿ ಕಾನೂನು ಅಲ್ಪಾವಧಿ ಬಾಡಿಗೆಗೆ ಅಡ್ಡ ಬರಬಹುದು. ಬೇಡಿಕೆ ಅತಿ ಹೆಚ್ಚಿರುವ ನಗರಗಳಲ್ಲೇ ಈ ಅಪಾಯವೂ ಹೆಚ್ಚು. ಮೊದಲ ಸುಳಿವು: ನೆರೆಹೊರೆಯವರ ಮತ್ತು ಕಟ್ಟಡ ಮಾಲೀಕರ ದೂರುಗಳು.

ನಮ್ಮ ನಿಲುವು: ಊಹೆ ದೊಡ್ಡದು, ಆದರೆ ಕಡಿಮೆ ಹಣದಲ್ಲಿ, ಒಂದೇ ನಗರದಲ್ಲಿ ಪರೀಕ್ಷಿಸಬಹುದಾದದ್ದು. ಮೂವರು ಸ್ಥಾಪಕರಲ್ಲಿ ಇಬ್ಬರು ವಿನ್ಯಾಸಕಾರರು, ಒಬ್ಬರು ಎಂಜಿನಿಯರ್. ಪರೀಕ್ಷೆಗೆ ಬೇಕಾದ ಕೌಶಲ ತಂಡದಲ್ಲೇ ಇದೆ. ಮರಳಿ ಮನೆ ಕೊಟ್ಟವರ ಪ್ರಮಾಣ ನೋಡಿದ ಮೇಲೆ, ಕೇಳಿದ ಮೊತ್ತದ ಒಂದು ಭಾಗವನ್ನು ಹೂಡಲು ಶಿಫಾರಸು.’

ಇದರಲ್ಲಿ ಪ್ರತಿಯೊಂದು ವಾಕ್ಯಕ್ಕೂ ಒಡೆಯನಿದ್ದಾನೆ ಎಂಬುದನ್ನು ಗಮನಿಸಿ. ‘ಕಂಪನಿಯ ಪ್ರಕಾರ’, ‘ನಮ್ಮ ಲೆಕ್ಕದಲ್ಲಿ’, ‘ನಮ್ಮ ಗ್ರಹಿಕೆ’, ‘ಕೇಳಿದ್ದೇವೆ’ ಎಂಬ ಪದಗಳು ಓದಲು ಸ್ವಲ್ಪ ಒರಟೆನಿಸಿದರೂ ತೆಗೆಯಬೇಡಿ. ನಿಮ್ಮ ಕರಡು ಸ್ಲೈಡಿನ ನೆರಳಾಗಿದೆಯೇ ಎಂದು ತಿಳಿಯಲು ಇದೇ ಸುಲಭದ ಪರೀಕ್ಷೆ: ಕರಡಿನಲ್ಲಿ ಪ್ರತಿ ಅಂಕಿಯ ಪಕ್ಕ ಯಾರ ಅಂಕಿ ಎಂದು ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಿ. ಎಲ್ಲ ಕಡೆಯೂ ‘ಕಂಪನಿ’ ಎಂದೇ ಬಿದ್ದರೆ ನೀವು ಇನ್ನೂ ಕೆಲಸ ಶುರು ಮಾಡಿಲ್ಲ. ಎಲ್ಲ ಕಡೆಯೂ ‘ನಾವು’ ಎಂದು ಬಿದ್ದರೆ ಸ್ಥಾಪಕರ ಮಾತನ್ನು ಕೇಳಿಸಿಕೊಂಡಿಲ್ಲ.

ಮೆಮೊದ ಮಿತಿಯನ್ನೂ ಹೇಳಬೇಕು. ನಿಜವಾಗಿ ಏನಾಯಿತೆಂದರೆ, ಕಂಪನಿ ಒಟ್ಟು ಹತ್ತು ಲಕ್ಷ ರಾತ್ರಿಗಳ ಬುಕಿಂಗ್ ಮುಟ್ಟಿದ್ದು 2011ರ ಫೆಬ್ರವರಿಯಲ್ಲಿ. ಪ್ರವಾಸಕ್ಕೆ ಮೂರು ರಾತ್ರಿಯ ಡೆಕ್‌ನದೇ ಲೆಕ್ಕ ಹಿಡಿದರೆ, ಆರಂಭದಿಂದ ಅಲ್ಲಿಯವರೆಗೆ ಒಟ್ಟು ಮೂರೂವರೆ ಲಕ್ಷ ಪ್ರವಾಸಕ್ಕಿಂತ ಕಡಿಮೆ. ಡೆಕ್ ಹೇಳಿದ್ದ 1.06 ಕೋಟಿ ಎಲ್ಲೋ ದೂರದಲ್ಲಿತ್ತು, 8.4 ಕೋಟಿಯ ಮಾತಂತೂ ಬೇಡ. ಅಂದಾಜು ಅಷ್ಟು ತಪ್ಪಾಗಿದ್ದರೂ ಆರಂಭದಲ್ಲಿ ಹಣ ಹಾಕಿದವರಿಗೆ ಅದು ಅಸಾಧಾರಣ ಹೂಡಿಕೆಯಾಯಿತು, ಏಕೆಂದರೆ ತಳದ ಊಹೆ ನಿಂತಿತು: ಜನ ಬಾಗಿಲು ತೆರೆದರು, ಮತ್ತೆ ತೆರೆದರು. 2009ರ ಆರಂಭದಲ್ಲಿ, ಹೊಸ ಕಂಪನಿಗಳಿಗೆ ಆರಂಭದ ಹಣ ಮತ್ತು ಮಾರ್ಗದರ್ಶನ ಕೊಡುವ ವೈ ಕಾಂಬಿನೇಟರ್ 20 ಸಾವಿರ ಡಾಲರ್ ಕೊಟ್ಟು ಸೇರಿಸಿಕೊಂಡ ಮೇಲೆ ಸ್ಥಾಪಕರು ನ್ಯೂಯಾರ್ಕಿಗೆ ಹೋಗಿ ಆತಿಥೇಯರನ್ನು ಮನೆಮನೆಯಲ್ಲಿ ಭೇಟಿಯಾಗಿ, ಮನೆಗಳ ಒಳ್ಳೆಯ ಫೋಟೊ ತೆಗೆದು ಹಾಕಿದರು. ವಾರದ ಆದಾಯ ಏರತೊಡಗಿದ್ದು ಅಲ್ಲಿಂದ. ಅಂದರೆ ಆ ಊಹೆಯ ಪರೀಕ್ಷೆ ಒಂದೇ ನಗರದಲ್ಲಿ, ಬಹಳ ಕಡಿಮೆ ಹಣದಲ್ಲಿ ನಡೆಯಿತು. ಮಾರುಕಟ್ಟೆ ಸಾಕಷ್ಟು ದೊಡ್ಡದಿಲ್ಲ ಎಂದು 2008ರಲ್ಲಿ ಹಿಂದೆ ಸರಿದ ಹೂಡಿಕೆದಾರರೂ ಇದ್ದರು. ಅವರ ಚರ್ಚೆ ನಡೆದದ್ದು ದೊಡ್ಡ ಅಂಕಿಯ ಸುತ್ತ. ಇದರಿಂದ ಪ್ರತಿ ತಪ್ಪು ಅಂದಾಜೂ ಕ್ಷಮಾರ್ಹ ಎಂದು ತಿಳಿಯಬಾರದು. ತಳದ ಊಹೆ ಕುಸಿದು ಮುಚ್ಚಿಹೋದ ಕಂಪನಿಗಳ ಡೆಕ್‌ಗಳನ್ನು ಯಾರೂ ಅಂತರ್ಜಾಲದಲ್ಲಿ ಹಂಚುವುದಿಲ್ಲ, ಅಷ್ಟೇ.

ಓದಿ ಕಲಿಯಲು ನಿಜವಾದ ಮೆಮೊಗಳೂ ಸಿಗುತ್ತವೆ. 2005ರಲ್ಲಿ ಯೂಟ್ಯೂಬ್‌ನಲ್ಲಿ ಹೂಡುವ ಮುನ್ನ ಹೂಡಿಕೆ ಸಂಸ್ಥೆ ಸಿಕೋಯಾ ಕ್ಯಾಪಿಟಲ್‌ನ ರೂಲೊಫ್ ಬೋಥಾ ಬರೆದ ಮೆಮೊ, ಮಾಧ್ಯಮ ಕಂಪನಿ ವಯಾಕಾಮ್ ಯೂಟ್ಯೂಬ್ ಮೇಲೆ ಹೂಡಿದ ಮೊಕದ್ದಮೆಯ ದಾಖಲೆಗಳ ಮೂಲಕ ಬಹಿರಂಗವಾಯಿತು. ಇನ್ನೊಂದು ಹೂಡಿಕೆ ಸಂಸ್ಥೆ ಬೆಸ್ಸೆಮರ್ ವೆಂಚರ್ ಪಾರ್ಟ್‌ನರ್ಸ್ ತನ್ನ ಹಳೆಯ ಮೆಮೊಗಳಲ್ಲಿ ಕೆಲವನ್ನು ತಾನೇ ಪ್ರಕಟಿಸಿದೆ. ಅವುಗಳ ಶೀರ್ಷಿಕೆಗಳನ್ನು ನಕಲು ಮಾಡುವುದಕ್ಕಿಂತ, ಬರೆದವರು ಎಲ್ಲಿ ‘ನಮಗಿನ್ನೂ ತಿಳಿದಿಲ್ಲ’ ಎಂದಿದ್ದಾರೆ ಎಂದು ಹುಡುಕಿಕೊಂಡು ಓದಿ.

ಕೊನೆಯದಾಗಿ ಕೆಲಸದ ಕ್ರಮದ ಬಗ್ಗೆ. ಹಾಳೆಯಲ್ಲಿ ಗುರುತು ಹಾಕಿದ ಮೇಲೆ, ಮೆಮೊ ಬರೆಯುವ ಮುನ್ನವೇ, ಸ್ಥಾಪಕರಿಗೆ ನಾಲ್ಕೈದು ಪ್ರಶ್ನೆಗಳನ್ನಷ್ಟೇ ಕಳುಹಿಸಿ. ಮೇಲಿನ ಉದಾಹರಣೆಯಲ್ಲಾದರೆ ಸಕ್ರಿಯ ಮನೆಗಳು, ಮರಳಿ ಕೊಟ್ಟವರು, ಉತ್ಸವವಿಲ್ಲದ ವಾರಗಳ ಬುಕಿಂಗ್, ತಾಣದ ಹೊರಗೆ ನಡೆದ ಪಾವತಿಗಳು, ಮತ್ತು ಕೇಳಿದ ಹಣಕ್ಕೆ ಎಷ್ಟು ಪಾಲು. ಉತ್ತರ ಬಂದರೆ ಆ ಅಂಕಿಯನ್ನು, ಬಂದ ದಿನಾಂಕದೊಂದಿಗೆ, ಮೆಮೊದಲ್ಲಿ ಸೇರಿಸಿ. ಬರದಿದ್ದರೆ ‘ಕೇಳಿದ್ದೇವೆ, ಉತ್ತರ ಬಂದಿಲ್ಲ’ ಎಂದೇ ಬರೆದು ಸದಸ್ಯರಿಗೆ ಕಳುಹಿಸಿ, ಖಾಲಿ ಜಾಗವನ್ನು ನಿಮ್ಮ ಅಂದಾಜಿನಿಂದ ತುಂಬಬೇಡಿ. ಗುರುತು ಹಾಕಿದ ಹಾಳೆಯನ್ನು ಮೆಮೊಗೆ ಅನುಬಂಧವಾಗಿ ಲಗತ್ತಿಸಿದರೆ ಎರಡು ಪುಟದ ಮಿತಿಯೂ ಉಳಿಯುತ್ತದೆ, ವಿವರ ಬೇಕೆನ್ನುವ ಸದಸ್ಯರು ಯಾವ ಅಂಕಿ ಯಾವ ಸ್ಲೈಡಿನಿಂದ ಬಂತೆಂದು ತಾವೇ ನೋಡಿಕೊಳ್ಳಬಹುದು.